ಒಂದೇ ಬೀರು, ಮೂರು ಬೆಲೆ

ಆಷಾಢ ಸೇಲ್‌ನಲ್ಲಿ ನನ್ನ ಚಿಕ್ಕಮ್ಮ ಮಾಗಡಿ ರಸ್ತೆಯ ಒಂದು ಅಂಗಡಿಯಿಂದ ಸ್ಟೀಲ್ ಬೀರು ತಂದರು. ಚೀಟಿಯ ಮೇಲೆ 17,500 ರೂಪಾಯಿ ಇತ್ತು. ಅರ್ಧ ಗಂಟೆ ಚೌಕಾಸಿ ಮಾಡಿ 15,000ಕ್ಕೆ ಇಳಿಸಿದ್ದರು. ಖುಷಿ ಎರಡು ದಿನ ಇತ್ತು. ಮೂರನೇ ದಿನ ನನಗೆ ಫೋನ್ ಬಂತು.

"ಅದು ನಿಮ್ಮ ಯೂನಿಟ್‌ದೇ ಬೀರಂತೆ ಕಣೋ. ಸರ್ಕಾರದೋರಿಗೆ ಒಂಬತ್ತು ಸಾವಿರ ಚಿಲ್ಲರೆಗೆ ಕೊಡ್ತೀರಂತೆ. ನನಗೆ ಮಾತ್ರ ಹದಿನೈದಾ?"

ಹೌದು, ನಮ್ಮದೇ. ಕಾಮಾಕ್ಷಿಪಾಳ್ಯದ ಒಂದು ಸಣ್ಣ ಯೂನಿಟ್‌ನಲ್ಲಿ ನಾನು ಕೊಟೇಶನ್ ಹಾಕುವ ಕೆಲಸ ಮಾಡುತ್ತೇನೆ. ಒಂದೇ ಬೀರು ಅಂಗಡಿಗೆ ಒಂದು ರೇಟಿಗೆ, ಟೆಂಡರ್‌ಗೆ ಇನ್ನೊಂದು ರೇಟಿಗೆ, ಕಂಪನಿಗೆ ಮತ್ತೊಂದು ರೇಟಿಗೆ ಹೋಗುತ್ತದೆ. ಫೋನ್‌ನಲ್ಲಿ ಚಿಕ್ಕಮ್ಮನಿಗೆ ಸರಿಯಾಗಿ ಹೇಳೋಕೆ ಆಗಲಿಲ್ಲ. "ಜಾಸ್ತಿ ತಗೊಂಡ್ರೆ ಕಡಿಮೆ ಆಗತ್ತೆ" ಅಂದುಬಿಟ್ಟೆ. ಎಲ್ಲರೂ ಹೇಳುವ ಉತ್ತರ ಅದೇ. ಆದರೆ ಅದು ಕಾಲು ಭಾಗ ಮಾತ್ರ ನಿಜ. ಉಳಿದ ಮುಕ್ಕಾಲು ಭಾಗ ಇರುವುದು ಬೇರೆ ಕಡೆ: ಮುಂದೆ ಏನಾಗುತ್ತದೋ ಗೊತ್ತಿಲ್ಲ ಅನ್ನುವುದರ ಖರ್ಚನ್ನು ಯಾರು ಹೊರಬೇಕು ಅನ್ನುವುದರಲ್ಲಿ.

ಮೊದಲು ಬೀರನ್ನೇ ಬಿಚ್ಚಿ ನೋಡೋಣ. ಸಾಮಾನ್ಯ ದೊಡ್ಡ ಬೀರು ಆರೂವರೆ ಅಡಿ ಎತ್ತರ, ಮೂರು ಅಡಿ ಅಗಲ, ಸುಮಾರು ಹತ್ತೊಂಬತ್ತು ಇಂಚು ಆಳ ಇರುತ್ತದೆ. ಒಳಗೆ ನಾಲ್ಕು ಅಡ್ಡ ಹಲಗೆ. ಪಕ್ಕ, ಹಿಂಭಾಗ, ಬಾಗಿಲು, ಹಲಗೆ, ಮಡಚುವ ಅಂಚು ಎಲ್ಲ ಸೇರಿ ಸುಮಾರು 9.3 ಚದರ ಮೀಟರ್ ಶೀಟು ಬೇಕು. ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ಶೀಟು ಚದರ ಮೀಟರಿಗೆ 7.85 ಕೆಜಿ ತೂಗುತ್ತದೆ. ನಾವು ಬಳಸುವುದು 0.8 ಮಿಲಿಮೀಟರ್, ಅಂದರೆ ಕೆಲಸಗಾರರ ಭಾಷೆಯಲ್ಲಿ 22 ಗೇಜ್. ಹಾಗಾಗಿ ಬೀರಿನಲ್ಲಿ ಕೂರುವ ಉಕ್ಕು ಸುಮಾರು 58 ಕೆಜಿ. ಕತ್ತರಿಸುವಾಗ ಚೂರುಪಾರು ಹೋಗುವುದರಿಂದ ಕೊಳ್ಳಬೇಕಾದ್ದು 62 ಕೆಜಿ.

ಶೀಟಿನ ದರ ಸದಾ ಏರಿಳಿಯುತ್ತಲೇ ಇರುತ್ತದೆ. ಲೆಕ್ಕ ಸುಲಭವಾಗಲಿ ಎಂದು ಇಲ್ಲಿ ಕೆಜಿಗೆ 70 ರೂಪಾಯಿ ಎಂದು ಇಟ್ಟುಕೊಳ್ಳುತ್ತೇನೆ. ಉಳಿದ ಅಂಕಿಗಳನ್ನೂ ದುಂಡು ಮಾಡಿದ್ದೇನೆ. ಶೀಟಿಗೆ 4,340. ತೊಳೆದು ಪೌಡರ್ ಕೋಟಿಂಗ್ ಮಾಡಿಸಲು 850. ಬೀಗ, ಹಿಡಿ, ಕೀಲು, ಸ್ಕ್ರೂಗಳಿಗೆ 560. ಕೂಲಿ 1,350. ಕರೆಂಟು, ಬಾಡಿಗೆ, ಮೇಸ್ತ್ರಿ ಸಂಬಳದ ಪಾಲು 850. ಒಟ್ಟು 7,950 ರೂಪಾಯಿ. ಮೂರೂ ಬೆಲೆಗಳು ಹುಟ್ಟುವುದು ಈ ಒಂದು ಅಂಕಿಯಿಂದಲೇ.

ಚೀಟಿಯ ಬೆಲೆ

ಅಂಗಡಿಯವರಿಗೆ ನಾವು ಈ ಬೀರನ್ನು 9,400 ರೂಪಾಯಿಗೆ ಕೊಡುತ್ತೇವೆ, ಜಿಎಸ್‌ಟಿ ಬೇರೆ. ಅವರು ಅದನ್ನು ತಮ್ಮ ಗಾಡಿಯಲ್ಲಿ ಒಯ್ದು ಅಂಗಡಿಯಲ್ಲಿ ನಿಲ್ಲಿಸುತ್ತಾರೆ. ಅದು ಅಲ್ಲಿ ಎಷ್ಟು ದಿನ ನಿಲ್ಲುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಮದುವೆ ಸೀಸನ್‌ನಲ್ಲಿ ನಾಲ್ಕು ದಿನ, ಇಲ್ಲದಿದ್ದರೆ ನಾಲ್ಕು ತಿಂಗಳು. ಅಷ್ಟು ದಿನ ಐದು ಚದರ ಅಡಿ ಜಾಗದ ಬಾಡಿಗೆ ಅದರ ತಲೆಯ ಮೇಲೆ. ಹತ್ತು ಜನ ಬಂದು ಬಾಗಿಲು ತೆಗೆದು ಹಾಕಿ ನೋಡುತ್ತಾರೆ, ಒಬ್ಬರು ಕೊಳ್ಳುತ್ತಾರೆ. ಗೀರು ಬಿದ್ದರೆ ಟಚಪ್. ಕೊನೆಗೆ ಟೆಂಪೋ, ಮೂರನೇ ಮಹಡಿ, ಇಬ್ಬರು ಹುಡುಗರು. ಇದೆಲ್ಲ ಸೇರಿ ಅಂಗಡಿಯವರ ಬೆಲೆ 12,700. ಸ್ಟೀಲ್ ಪೀಠೋಪಕರಣಕ್ಕೆ ಜಿಎಸ್‌ಟಿ 18 ಪರ್ಸೆಂಟ್. ಅದನ್ನೂ ಸೇರಿಸಿದರೆ 14,986. ಚಿಕ್ಕಮ್ಮ ಕೊಟ್ಟ 15,000 ಅದೇ. 17,500 ಅನ್ನುವುದು ಚೌಕಾಸಿಗೆ ಇಟ್ಟ ಜಾಗ ಅಷ್ಟೇ.

ಇಲ್ಲೊಂದು ಮಾತು. ಸೋಪು, ಬಿಸ್ಕೆಟ್‌ನಂಥ ಪ್ಯಾಕ್ ಮಾಡಿದ ಸಾಮಾನಿನ ಮೇಲೆ ಎಂಆರ್‌ಪಿ ಇರಲೇಬೇಕು. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳ ಪ್ರಕಾರ ಅದು ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಅದಕ್ಕಿಂತ ಕಡಿಮೆಗೆ ಮಾರಬಹುದು, ಜಾಸ್ತಿಗೆ ಮಾರುವ ಹಾಗಿಲ್ಲ. ಅದೇ ನಿಯಮಗಳು ಕಾರ್ಖಾನೆಗೋ ಸಂಸ್ಥೆಗೋ ನೇರವಾಗಿ ಹೋಗುವ ಪ್ಯಾಕೆಟ್‌ಗಳನ್ನು ಹೊರಗಿಡುತ್ತವೆ. ಅಂದರೆ ಸಂಸ್ಥೆಗಳ ವ್ಯಾಪಾರದಲ್ಲಿ ಮುದ್ರಿತ ಬೆಲೆಯ ರಕ್ಷಣೆ ಬೇಕಿಲ್ಲ, ಅಲ್ಲಿ ಎರಡೂ ಕಡೆಯವರು ಮಾತಾಡಿ ಬೆಲೆ ಕಟ್ಟಿಕೊಳ್ಳುತ್ತಾರೆ ಎಂದು ಕಾನೂನೇ ಒಪ್ಪಿಕೊಂಡಿದೆ. ನಮ್ಮ ಬೀರು ಹೀಗೆ ಪ್ಯಾಕ್ ಆಗಿ ಬರುವುದಿಲ್ಲ. ಅದರ ಮೇಲಿರುವುದು ಅಂಗಡಿಯವರು ಬರೆದ ಚೀಟಿ.

ಚೀಟಿಯ ಬೆಲೆಯ ಸ್ವಭಾವ ಏನೆಂದರೆ, ಅದು ಯಾರೋ ಗೊತ್ತಿಲ್ಲದ ಗಿರಾಕಿಗಾಗಿ ಮೊದಲೇ ಕಟ್ಟಿದ ಬೆಲೆ. ಯಾವ ಬಣ್ಣ ಕೇಳುತ್ತಾರೋ, ಯಾವ ತಿಂಗಳು ಬರುತ್ತಾರೋ, ಎಷ್ಟನೇ ಮಹಡಿಯೋ ಒಂದೂ ಗೊತ್ತಿಲ್ಲ. ಅದಕ್ಕೇ ಎಲ್ಲರ ಖರ್ಚನ್ನೂ ಕೂಡಿಸಿ ಎಲ್ಲರ ಮೇಲೂ ಹಂಚಲಾಗುತ್ತದೆ. ನೆಲಮಹಡಿಯವರು ಮೂರನೇ ಮಹಡಿಯವರ ಕೂಲಿಯಲ್ಲಿ ಸ್ವಲ್ಪ ಕೊಡುತ್ತಾರೆ. ಮದುವೆ ಸೀಸನ್‌ನಲ್ಲಿ ಕೊಂಡವರು ಆಷಾಢದ ಬಾಡಿಗೆಯಲ್ಲಿ ಸ್ವಲ್ಪ ಕೊಡುತ್ತಾರೆ. ಬದಲಿಗೆ ಗಿರಾಕಿಗೆ ಸಿಗುವುದು ದೊಡ್ಡ ಅನುಕೂಲ: ಇವತ್ತು ನೋಡಿದೆ, ಇವತ್ತೇ ಕೊಂಡೆ, ಯಾವ ಕಾಗದಕ್ಕೂ ಸಹಿ ಇಲ್ಲ.

ಮುಚ್ಚಿದ ಲಕೋಟೆ

ಈಗ ಟೆಂಡರ್. ಕರ್ನಾಟಕದಲ್ಲಿ ಸರ್ಕಾರಿ ಖರೀದಿ ನಡೆಯುವುದು 1999ರ ಪಾರದರ್ಶಕತೆ ಅಧಿನಿಯಮದ ಅಡಿಯಲ್ಲಿ. ಎಲ್ಲರೂ ಕೆಟಿಪಿಪಿ ಅನ್ನುತ್ತಾರೆ. ಇಲಾಖೆಗಳ ಟೆಂಡರ್‌ಗಳು ಕೆಪಿಪಿಪಿ ಪೋರ್ಟಲ್‌ನಲ್ಲಿ ಬರುತ್ತವೆ. ಬೆಂಗಳೂರಿನಲ್ಲಿರುವ ಕೇಂದ್ರದ ಕಚೇರಿಗಳು, ಸಾರ್ವಜನಿಕ ಉದ್ದಿಮೆಗಳು 2016ರಲ್ಲಿ ಶುರುವಾದ ಜೆಮ್ ಪೋರ್ಟಲ್‌ನಲ್ಲಿ ಕೊಳ್ಳುತ್ತವೆ.

ಟೆಂಡರ್‌ನಲ್ಲಿ ಸಾಮಾನ್ಯವಾಗಿ ಎರಡು ಲಕೋಟೆ ಇರುತ್ತದೆ. ಈಗ ಎಲ್ಲ ಕಂಪ್ಯೂಟರಿನಲ್ಲೇ ಆದರೂ ಕವರ್ ಅಂತಲೇ ಅನ್ನುತ್ತೇವೆ. ಮೊದಲ ಕವರ್‌ನಲ್ಲಿ ನೀವು ಯಾರು, ಹಿಂದೆ ಏನು ಮಾಡಿದ್ದೀರಿ, ನಿಮ್ಮ ಬೀರು ಅವರು ಹೇಳಿದ ಹಾಗಿದೆಯಾ ಅನ್ನುವ ದಾಖಲೆಗಳು. ಅದರಲ್ಲಿ ಪಾಸಾದವರ ಎರಡನೇ ಕವರ್ ಮಾತ್ರ ತೆರೆಯುತ್ತಾರೆ. ಅದರಲ್ಲಿ ರೇಟು. ಎಲ್ಲಕ್ಕಿಂತ ಕಡಿಮೆ ಹಾಕಿದವರು ಎಲ್-ಒನ್. ಕೆಲಸ ಅವರಿಗೆ. ಜೊತೆಗೆ ಇ.ಎಂ.ಡಿ. ಎಂದು ಮುಂಗಡ ಠೇವಣಿ ಇಟ್ಟಿರಬೇಕು. ಗೆದ್ದ ಮೇಲೆ ಹಿಂದೆ ಸರಿದರೆ ಅದು ಹೋಗುತ್ತದೆ.

ಇಲ್ಲಿ ಚೌಕಾಸಿಗೆ ಜಾಗವೇ ಇಲ್ಲ, ಅಥವಾ ಇರಬಾರದು. ಕೇಂದ್ರ ಜಾಗೃತ ಆಯೋಗ 2007ರಲ್ಲಿ ಹೊರಡಿಸಿದ ಸುತ್ತೋಲೆ ಇದನ್ನು ಖಡಾಖಂಡಿತವಾಗಿ ಹೇಳಿದೆ: ಟೆಂಡರ್ ತೆರೆದ ಮೇಲೆ ಸಾಮಾನ್ಯವಾಗಿ ಬೆಲೆ ಮಾತುಕತೆ ಕೂಡದು, ತೀರಾ ಅಪರೂಪಕ್ಕೆ ಮಾಡಿದರೂ ಎಲ್-ಒನ್ ಜೊತೆ ಮಾತ್ರ. ಇದಕ್ಕೆ ಕಾರಣ ಇದೆ. ಆಮೇಲೆ ಮಾತಾಡಬಹುದು ಎಂದಾದರೆ ಯಾರೂ ಮೊದಲೇ ತಮ್ಮ ನಿಜವಾದ ರೇಟು ಬರೆಯುವುದಿಲ್ಲ, ಇಳಿಸೋಕೆ ಜಾಗ ಇಟ್ಟುಕೊಂಡೇ ಬರೆಯುತ್ತಾರೆ. ನಮ್ಮ 17,500ರ ಚೀಟಿಯ ಹಾಗೆ.

ಹಾಗಾದರೆ ರೇಟು ಬರೆಯುವವನು ಏನು ಮಾಡುತ್ತಾನೆ? 300 ಬೀರಿನ ಒಂದು ಟೆಂಡರ್ ತಗೊಳ್ಳಿ. ಬೇರೆ ಬೇರೆ ತಾಲ್ಲೂಕು ಕಚೇರಿಗಳಿಗೆ ತಲುಪಿಸಬೇಕು. ಒಟ್ಟಿಗೆ ಕೊಳ್ಳುವುದರಿಂದ ಶೀಟು ಕೆಜಿಗೆ 2 ರೂಪಾಯಿ ಕಡಿಮೆಗೆ ಸಿಗುತ್ತದೆ, ಒಂದೇ ಸಮನೆ ಮಾಡುವುದರಿಂದ ಕೂಲಿಯಲ್ಲಿ 200 ಉಳಿಯುತ್ತದೆ. 7,950 ಇದ್ದದ್ದು 7,625ಕ್ಕೆ ಇಳಿಯಿತು. "ಜಾಸ್ತಿ ತಗೊಂಡ್ರೆ ಕಡಿಮೆ" ಅನ್ನುವ ಮಾತಿನ ಪೂರ್ತಿ ಬೆಲೆ ಇಷ್ಟೇ, 325 ರೂಪಾಯಿ.

ಇನ್ನು ಕೂಡಿಸುವುದು. ಸಾಗಾಣಿಕೆ, ಇಳಿಸಿ ಜೋಡಿಸುವ ಖರ್ಚು 650. ಇದು ಜಾಸ್ತಿ ಅನ್ನಿಸಬಹುದು, ಆದರೆ ಬೀರು ಅಂದರೆ ಬಹುಪಾಲು ಗಾಳಿ. ಹದಿನಾಲ್ಕು ಅಡಿ ಲಾರಿಯಲ್ಲಿ ನಿಲ್ಲಿಸಿದರೆ ಹದಿನೈದು ಬೀರಿಗೆ ಜಾಗ ಮುಗಿಯುತ್ತದೆ, ತೂಕ ಒಂದು ಟನ್ನೂ ಆಗಿರುವುದಿಲ್ಲ. ಅದಕ್ಕೇ ನಾವು ಬಿಡಿಬಿಡಿ ತಗಡುಗಳಾಗಿ ಪ್ಯಾಕ್ ಮಾಡಿ ಕಳಿಸಿ ಅಲ್ಲಿ ಬೋಲ್ಟ್ ಹಾಕಿ ನಿಲ್ಲಿಸುತ್ತೇವೆ. ಲಾರಿ ಬಾಡಿಗೆ ಉಳಿಯುತ್ತದೆ, ಆದರೆ ಜೋಡಿಸುವ ಹುಡುಗರು ಪ್ರತಿ ತಾಲ್ಲೂಕಿಗೂ ಹೋಗಬೇಕು.

ಆಮೇಲೆ ಹಣ ಕಾಯುವ ಖರ್ಚು. ಬಿಲ್ ಪಾಸಾಗೋಕೆ ನಾಲ್ಕು ತಿಂಗಳು ಎಂದು ಹಿಡಿದರೆ, ವರ್ಷಕ್ಕೆ 12 ಪರ್ಸೆಂಟ್ ಬಡ್ಡಿಯಲ್ಲಿ ಬೀರಿಗೆ 330 ರೂಪಾಯಿ. ಜಿಎಸ್‌ಟಿ ಮಾತ್ರ ಬಿಲ್ ಹಾಕಿದ ಮರು ತಿಂಗಳೇ ಕಟ್ಟಬೇಕು, ಇಲಾಖೆಯಿಂದ ದುಡ್ಡು ಬಂದಿರಲಿ ಬಿಡಲಿ. ಭದ್ರತಾ ಠೇವಣಿಯಲ್ಲಿ ಸಿಕ್ಕಿಹಾಕಿಕೊಳ್ಳುವ ಹಣಕ್ಕೆ 35. ತಡವಾದರೆ ಬೀಳುವ ದಂಡ, ವಾರಂಟಿ ಎರಡಕ್ಕೂ ಸೇರಿ 160. ಈಗ 8,800 ಆಯಿತು. ಲಾಭ 500 ಇಟ್ಟರೆ 9,300.

ಗಮನಿಸಿ, ಅಂಗಡಿಯವರಿಗೆ ಯೂನಿಟ್ ಬಾಗಿಲಲ್ಲಿ ಕೊಡುವ ಬೆಲೆ 9,400. ಟೆಂಡರ್ ಬೆಲೆ ಅದಕ್ಕಿಂತ ನೂರು ರೂಪಾಯಿ ಕಡಿಮೆ, ಅದೂ ಸಾಗಾಣಿಕೆ ಮತ್ತು ಸಾಲ ಎಲ್ಲ ಸೇರಿ. ಚಿಕ್ಕಮ್ಮನ 15,000ಕ್ಕೂ ಇದಕ್ಕೂ ನೇರ ಹೋಲಿಕೆಯೇ ತಪ್ಪು. 9,300ಕ್ಕೆ ಜಿಎಸ್‌ಟಿ ಸೇರಿಸಿದರೆ ಅದೇ 10,974 ಆಗುತ್ತದೆ.

ಒಂದು ಅಂಕಿ ಬೇಕೆಂದೇ ಬಿಟ್ಟಿದ್ದೇನೆ. ರೇಟು ಬರೆಯುವುದು ಇವತ್ತು, ಶೀಟು ಕೊಳ್ಳುವುದು ಆರ್ಡರ್ ಬಂದ ಮೇಲೆ, ಅಂದರೆ ಮೂರು ತಿಂಗಳು ಬಿಟ್ಟು. ಅಷ್ಟರಲ್ಲಿ ಶೀಟು ಕೆಜಿಗೆ 4 ರೂಪಾಯಿ ಏರಿದರೆ ಬೀರಿಗೆ 248 ರೂಪಾಯಿ ಜಾಸ್ತಿ. ಲಾಭದಲ್ಲಿ ಅರ್ಧ ಹೋಯಿತು. ಇಂಥ ಸಣ್ಣ ಅವಧಿಯ ಟೆಂಡರ್‌ನಲ್ಲಿ ಸಾಮಾನ್ಯವಾಗಿ ದರ ಏರಿಕೆಯ ಷರತ್ತು ಇರುವುದಿಲ್ಲ. ಹಾಗಾಗಿ ಅದನ್ನು ರೇಟಿನಲ್ಲೇ ಹಾಕಬೇಕು, ಆದರೆ ಎಷ್ಟು ಹಾಕಬೇಕು? ಏರುತ್ತದೆ ಎಂದು ಹೆದರಿದವನು 9,550 ಬರೆಯುತ್ತಾನೆ. ಹಾಗೇ ಇರುತ್ತದೆ ಅಂದುಕೊಂಡವನು 9,300. ಇಳಿಯುತ್ತದೆ ಎಂದು ನಂಬಿದವನು 9,050.

ಗೆಲ್ಲುವವನು ಮೂರನೆಯವನು.

ಟೆಂಡರ್ ಬೆಲೆಯ ಗುಟ್ಟು ಇಲ್ಲಿದೆ. ಎಲ್ಲರ ಯಂತ್ರವೂ ಒಂದೇ, ಶೀಟಿನ ಅಂಗಡಿಯೂ ಹೆಚ್ಚುಕಡಿಮೆ ಅದೇ. ಹಾಗಿದ್ದಾಗ ಎಲ್-ಒನ್ ಆಗುವವನು ಚೆನ್ನಾಗಿ ಮಾಡುವವನೇ ಆಗಿರಬೇಕಿಲ್ಲ. ಮುಂದಿನದ್ದರ ಬಗ್ಗೆ ಅತಿ ಧೈರ್ಯ ಇರುವವನು ಆಗಿರಬಹುದು, ಇಲ್ಲವೇ ಲೆಕ್ಕದಲ್ಲಿ ಏನನ್ನೋ ಬಿಟ್ಟವನು. ಹತ್ತು ಜನ ಟೆಂಡರ್ ಹಾಕಿದರೆ ಆ ಹತ್ತರಲ್ಲಿ ಅತಿ ದೊಡ್ಡ ತಪ್ಪು ಮಾಡಿದವನೇ ಮೇಲೆ ಬರುವ ಸಾಧ್ಯತೆ ಜಾಸ್ತಿ. ಅರ್ಥಶಾಸ್ತ್ರದವರು ಇದಕ್ಕೆ ಗೆದ್ದವನ ಶಾಪ ಅನ್ನುತ್ತಾರೆ.

ಆ ಶಾಪ ನಮಗೂ ತಟ್ಟಿದೆ. ಕೆಲವು ವರ್ಷಗಳ ಹಿಂದೆ ಒಂದು ಇಲಾಖೆಯ 300 ಬೀರಿನ ಟೆಂಡರ್‌ನಲ್ಲಿ ನಾವು ಎಲ್-ಒನ್ ಆದೆವು. ಸ್ವೀಟು ಹಂಚಿದೆವು. ನಮ್ಮ ರೇಟಿಗೂ ಎರಡನೆಯವರ ರೇಟಿಗೂ 460 ರೂಪಾಯಿ ಅಂತರ ಇತ್ತು. ನನಗೆ ಅಲ್ಲೇ ಅನುಮಾನ ಬರಬೇಕಿತ್ತು. ಒಂದೇ ಥರದ ಯೂನಿಟ್‌ಗಳ ನಡುವೆ ಅಷ್ಟು ಅಂತರ ಸುಮ್ನೆ ಬರುವುದಿಲ್ಲ. ಆರ್ಡರ್ ಕೈಗೆ ಬಂದ ಮೇಲೆ ಟೆಂಡರ್ ಕಾಗದ ಮತ್ತೆ ಓದಿದೆ. ಹಿಂದಿನ ಪುಟಗಳಲ್ಲಿ ಎಲ್ಲೋ ಒಂದು ಸಾಲು: ಒಳಗೆ ಬೀಗವಿರುವ ಲಾಕರ್ ಇರತಕ್ಕದ್ದು. ರೇಟು ತುಂಬುವ ಪಟ್ಟಿಯಲ್ಲಿ ಬರೀ "ಸ್ಟೀಲ್ ಬೀರು" ಎಂದಷ್ಟೇ ಇತ್ತು. ನಾನು ಪಟ್ಟಿ ನೋಡಿ ಲೆಕ್ಕ ಹಾಕಿದ್ದೆ.

ಲಾಕರ್‌ಗೆ ಬೀರಿಗೆ 480 ರೂಪಾಯಿ. 300 ಬೀರಿಗೆ 1,44,000. ಹಿಂದೆ ಸರಿದರೆ 50,000 ಇ.ಎಂ.ಡಿ. ಹೋಗುತ್ತದೆ, ಮುಂದಿನ ಟೆಂಡರ್‌ಗಳಿಂದ ಹೊರಗಿಡುವ ಭಯ ಬೇರೆ. ಮಾಡಿಯೇ ಕೊಟ್ಟೆವು. ಇಟ್ಟುಕೊಂಡಿದ್ದ ಲಾಭ 1,50,000. ಉಳಿದದ್ದು 6,000 ರೂಪಾಯಿ. ಇಲಾಖೆಯದ್ದು ತಪ್ಪಿಲ್ಲ, ಬರೆದಿದ್ದರು. ಅಂದಿನಿಂದ ನಾನು ಟೆಂಡರ್ ಕಾಗದವನ್ನು ಹಿಂದಿನ ಪುಟದಿಂದ ಓದುತ್ತೇನೆ, ಅರ್ಥವಾಗದ್ದನ್ನು ಟೆಂಡರ್‌ಗೆ ಮುಂಚಿನ ಸಭೆಯಲ್ಲಿ ಲಿಖಿತವಾಗಿ ಕೇಳುತ್ತೇನೆ.

ಎಲ್ಲರೂ ಹೀಗೆ ನಷ್ಟ ನುಂಗುವುದಿಲ್ಲ. ರೇಟು ಕಟ್ಟಿಹಾಕಿದ ಮೇಲೆ ಅಲುಗಾಡಬಹುದಾದದ್ದು ಒಂದೇ, ಅದು ಮಾಲು. 0.8ರ ಜಾಗದಲ್ಲಿ 0.7 ಮಿಲಿಮೀಟರ್ ಶೀಟು ಹಾಕಿದರೆ ಬೀರಿಗೆ ಏಳು ಕೆಜಿಗಿಂತ ಜಾಸ್ತಿ ಉಕ್ಕು ಉಳಿಯುತ್ತದೆ. ಅಂದರೆ 500 ರೂಪಾಯಿ. ಒಂದು ಕೂದಲಿನಷ್ಟು ದಪ್ಪದಲ್ಲಿ ಪೂರ್ತಿ ಲಾಭ ಇದೆ ಅಂತಾಯಿತು. ಕಣ್ಣಿಗೆ ಗೊತ್ತಾಗುವುದಿಲ್ಲ. ಮೈಕ್ರೋಮೀಟರ್ ಹಿಡಿದರೂ ಗೊತ್ತಾಗದೇ ಇರಬಹುದು, ಇದು ತಮಾಷೆಯ ವಿಷಯ. ಪೌಡರ್ ಕೋಟಿಂಗ್ ಒಂದೊಂದು ಬದಿಗೆ 50 ಮೈಕ್ರಾನ್ ಇದ್ದರೆ ಎರಡೂ ಬದಿ ಸೇರಿ 0.1 ಮಿಲಿಮೀಟರ್. 0.7ರ ಶೀಟಿಗೆ ಬಣ್ಣ ಬಳಿದು ಅಳೆದರೆ ಮೀಟರ್ 0.8 ತೋರಿಸುತ್ತದೆ! ತಪಾಸಣೆಗೆ ಬಂದವರು ಹಲಗೆಯ ಅಂಚಿನಲ್ಲಿ ಸ್ವಲ್ಪ ಬಣ್ಣ ಕೆರೆದು ಅಳೆಯಬೇಕು. ಇನ್ನೂ ಸುಲಭದ ದಾರಿ ಎಂದರೆ ಬೀರನ್ನೇ ತಕ್ಕಡಿಗೆ ಹಾಕುವುದು. ಶೀಟಿನ ದಪ್ಪದಲ್ಲಿ ತಯಾರಿಕೆಯ ಸಣ್ಣ ವ್ಯತ್ಯಾಸ ಸಹಜ, ಒಂದೆರಡು ಕೆಜಿ ಆಚೀಚೆ ಆಗಬಹುದು. ಏಳು ಕೆಜಿ ಆಗುವುದಿಲ್ಲ. ಟೆಂಡರ್‌ನಲ್ಲಿ ಕನಿಷ್ಠ ತೂಕ ಬರೆದಿದ್ದರೆ, ಖರೀದಿಸುವವರಿಗೆ ವಿಷಯ ಗೊತ್ತಿದೆ ಎಂದು ನಾನು ಅಂದುಕೊಳ್ಳುತ್ತೇನೆ.

ಕೇಂದ್ರದ ಖರೀದಿಯಲ್ಲಿ ಸಣ್ಣ ಯೂನಿಟ್‌ಗಳಿಗೆ ಒಂದು ಆಸರೆ ಇದೆ. 2012ರ ಆದೇಶದ ಪ್ರಕಾರ ನಮ್ಮ ರೇಟು ಎಲ್-ಒನ್‌ಗಿಂತ 15 ಪರ್ಸೆಂಟ್ ಒಳಗೆ ಜಾಸ್ತಿ ಇದ್ದು, ಎಲ್-ಒನ್ ಸಣ್ಣ ಉದ್ದಿಮೆ ಅಲ್ಲದಿದ್ದರೆ, ಅವರ ರೇಟಿಗೆ ಇಳಿಯಲು ಒಪ್ಪಿ ಒಂದು ಪಾಲು ಪಡೆಯಬಹುದು. ಇ.ಎಂ.ಡಿ. ವಿನಾಯಿತಿಯೂ ಇದೆ. ಒಳ್ಳೆಯದೇ. ಆದರೆ ಎಲ್-ಒನ್ ತಪ್ಪು ಲೆಕ್ಕ ಹಾಕಿದ್ದರೆ ಆ ತಪ್ಪಿಗೂ ನಾವು ಪಾಲುದಾರರಾಗುತ್ತೇವೆ.

ಎದುರು ಬದುರು ಕೂತಾಗ

ಮೂರನೆಯದು ನನಗೆ ಇಷ್ಟವಾದ ದಾರಿ. ವೈಟ್‌ಫೀಲ್ಡ್ ಕಡೆಯ ಒಂದು ಕಂಪನಿಗೆ ವರ್ಷಕ್ಕೆ 240 ಬೀರು ಬೇಕಿತ್ತು. ಎಲ್ಲ ಒಂದೇ ಕ್ಯಾಂಪಸ್‌ಗೆ. ಖರೀದಿ ವಿಭಾಗದ ಮೇಡಂ ಮೂರು ಕಡೆ ಕೊಟೇಶನ್ ತರಿಸಿ ನಮ್ಮನ್ನು ಮಾತಿಗೆ ಕರೆದರು.

ನಮ್ಮ ಲೆಕ್ಕ ಹೀಗಿತ್ತು. ಮಾಡುವ ಖರ್ಚು ಅದೇ 7,625. ಒಂದೇ ಜಾಗವಾದ್ದರಿಂದ ಸಾಗಾಣಿಕೆ 250. ನಲವತ್ತೈದು ದಿನದ ಸಾಲಕ್ಕೆ 120. ವಾರಂಟಿಗೆ 70. ಒಟ್ಟು 8,065. ಲಾಭ 800 ಹಾಕಿ 8,865 ಬರೆದಿದ್ದೆ.

"8,400 ಮಾಡ್ಕೊಡಿ ಸರ್" ಅಂದರು.

"ಆಗಲ್ಲ ಮೇಡಂ" ಅಂದೆ. ಇಬ್ಬರೂ ನಕ್ಕೆವು. ಇದು ಶಾಸ್ತ್ರಕ್ಕೆ.

ಆಮೇಲೆ ನಿಜವಾದ ಮಾತು ಶುರುವಾಯಿತು. ಅವರು ಖರ್ಚಿನ ವಿವರ ಕೇಳಿದರು. ನಾನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಕೆಲವರು ಇದಕ್ಕೆ ಹೆದರುತ್ತಾರೆ, ಎಲ್ಲ ಬಿಚ್ಚಿಟ್ಟರೆ ಹಿಂಡುತ್ತಾರೆ ಎಂದು. ಆ ಭಯ ಪೂರ್ತಿ ಸುಳ್ಳಲ್ಲ. ಮೇಡಂ ಮೊದಲು ಬೆರಳಿಟ್ಟದ್ದೇ ಶೀಟಿನ ಮೇಲೆ.

"62 ಕೆಜಿ ತಗೊಂಡು 58 ಹಾಕ್ತೀರಿ. ಉಳಿದ ನಾಲ್ಕು ಕೆಜಿ ಗುಜರಿಗೆ ಹಾಕಿದ್ರೆ ದುಡ್ಡು ಬರತ್ತಲ್ವಾ?"

ಬರುತ್ತದೆ. ಕೆಜಿಗೆ 35 ಹಿಡಿದರೆ 140 ರೂಪಾಯಿ. ಒಪ್ಪಿಕೊಂಡೆ. ಬದಲಿಗೆ ನಾನು ಕೇಳಿದ್ದು ಮೂರು. ಒಂದು, ಬಣ್ಣ ಒಂದೇ ಇರಲಿ. ಪೌಡರ್ ಕೋಟಿಂಗ್‌ನಲ್ಲಿ ಬಣ್ಣ ಬದಲಿಸಿದರೆ ಬೂತ್ ಪೂರ್ತಿ ತೊಳೆಯಬೇಕು, ಅರ್ಧ ದಿನ ಹೋಗುತ್ತದೆ. ಎರಡು, ಬೇಕಾದಾಗ ಹತ್ತು ಹತ್ತು ಕೇಳದೆ ಮೂರು ತಿಂಗಳಿಗೆ 60ರ ಹಾಗೆ ತಗೊಳ್ಳಿ, ಒಂದು ತಿಂಗಳು ಮೊದಲೇ ಹೇಳಿ. ಮೂರು, ದುಡ್ಡು ಮೂವತ್ತು ದಿನಕ್ಕೆ ಕೊಡಿ.

ಮೂರನೆಯದಕ್ಕೆ ಅವರು ಅಷ್ಟೇನೂ ತಕರಾರು ಮಾಡಲಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ ನಮ್ಮಂಥ ಸಣ್ಣವರಿಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಎಂದು ಮೊದಲಿಂದಲೂ ಇದೆ. ಒಳ್ಳೆಯ ಗಿರಾಕಿಯ ಮೇಲೆ ಯಾರು ಬಡ್ಡಿ ಕೇಳುತ್ತಾರೆ? ಕಾಗದದ ಮೇಲೇ ಉಳಿದಿತ್ತು. 2024-25ರ ಅಸೆಸ್‌ಮೆಂಟ್ ವರ್ಷದಿಂದ ಆದಾಯ ತೆರಿಗೆ ಕಾಯ್ದೆಯಲ್ಲಿ ಒಂದು ಹಲ್ಲು ಸೇರಿತು. ಆ ಅವಧಿ ಮೀರಿದ ಬಾಕಿಯನ್ನು, ನಿಜವಾಗಿ ಪಾವತಿ ಮಾಡಿದ ವರ್ಷದಲ್ಲೇ ಖರ್ಚೆಂದು ತೋರಿಸಬೇಕು. ಅಲ್ಲಿಂದ ಕಂಪನಿಗಳ ಅಕೌಂಟ್ಸ್‌ನವರೇ ನಮಗೆ ಫೋನ್ ಮಾಡಿ, ನಾವು ಸಣ್ಣ ಉದ್ದಿಮೆ ಎಂದು ತೋರಿಸುವ ಉದ್ಯಮ್ ಸರ್ಟಿಫಿಕೇಟ್ ಕೇಳೋಕೆ ಶುರು ಮಾಡಿದರು. ಇಲಾಖೆಗಳಿಗೆ ಈ ಬಿಸಿ ತಟ್ಟುವುದಿಲ್ಲ, ಅವು ಆದಾಯ ತೆರಿಗೆ ಕಟ್ಟುವುದಿಲ್ಲವಲ್ಲ.

ಕೊನೆಗೆ 8,600ಕ್ಕೆ ಬಂದು ನಿಂತೆವು. ಮೂವತ್ತು ದಿನದ ಪಾವತಿಯಿಂದ ಬಡ್ಡಿಯಲ್ಲಿ 40 ಉಳಿದು ಖರ್ಚು 8,025 ಆಯಿತು. ಲಾಭ 575. ಟೆಂಡರ್‌ನ 500ಕ್ಕಿಂತ ಜಾಸ್ತಿ, ಬೆಲೆ ಮಾತ್ರ ಅದಕ್ಕಿಂತ 700 ಕಡಿಮೆ. ಆ 700 ಎಲ್ಲಿ ಹೋಯಿತು? ಊರೂರು ತಿರುಗುವುದು ತಪ್ಪಿತು, ನಾಲ್ಕು ತಿಂಗಳು ಕಾಯುವುದು ತಪ್ಪಿತು, ಠೇವಣಿ ತಪ್ಪಿತು. ಯಾರೂ ಯಾರನ್ನೂ ಹಿಂಡಲಿಲ್ಲ.

ಇನ್ನು ಶೀಟಿನ ದರ. ಟೆಂಡರ್‌ನಲ್ಲಿ ಊಹೆ ಮಾಡಿ ರೇಟಿನೊಳಗೆ ಬಚ್ಚಿಡುವುದನ್ನು ಇಲ್ಲಿ ಹೊರಗೆ ತೆಗೆದು ಬರೆಯಬಹುದು. ನಾವು ಬರೆದುಕೊಂಡದ್ದು ಒಂದೇ ಸಾಲು:

```
ಹೊಸ ಬೆಲೆ = 8,600 + 62 × (ಈ ತ್ರೈಮಾಸಿಕದ ಶೀಟು ದರ − 68)
```

ದರ 68ರಿಂದ ಆಚೀಚೆ 2 ರೂಪಾಯಿ ಒಳಗಿದ್ದರೆ ಬೆಲೆ ಮುಟ್ಟುವ ಹಾಗಿಲ್ಲ. 72 ಆದರೆ 248 ಸೇರಿ 8,848. 64 ಆದರೆ 8,352, ಆಗ ನಾನು ಗೊಣಗುವ ಹಾಗಿಲ್ಲ. ಯಾವ ದರ ನೋಡಬೇಕು, ಯಾವ ತಾರೀಖಿನದ್ದು ಎಂದೂ ಬರೆದಿರಬೇಕು. ಅದನ್ನು ಬಿಟ್ಟರೆ ಮೂರು ತಿಂಗಳಿಗೊಮ್ಮೆ ಜಗಳ ಖಾಯಂ.

ಈ ಸಾಲು ಬರೆಯುವಾಗ ಒಂದು ಬಲೆ ಇದೆ. ಮೊದಲ ಕರಡಿನಲ್ಲಿ "ಉಕ್ಕು ಎಷ್ಟು ಪರ್ಸೆಂಟ್ ಏರುತ್ತದೋ ಬೆಲೆಯೂ ಅಷ್ಟೇ ಪರ್ಸೆಂಟ್" ಎಂದಿತ್ತು. ನೋಡೋಕೆ ನ್ಯಾಯವಾಗಿದೆ, ಅಲ್ವಾ? ಆದರೆ ಶೀಟು 5 ಪರ್ಸೆಂಟ್ ಏರಿದರೆ ನನಗೆ ಜಾಸ್ತಿ ಆಗುವ ಖರ್ಚು ಸುಮಾರು 211 ರೂಪಾಯಿ. ಬೆಲೆ 5 ಪರ್ಸೆಂಟ್ ಏರಿದರೆ ಸಿಗುವುದು 430. ಬೀಗಕ್ಕೂ ಕೂಲಿಗೂ ಬಾಡಿಗೆಗೂ ಉಕ್ಕಿನ ಜೊತೆ ಸಂಬಂಧವೇ ಇಲ್ಲವಲ್ಲ. ಉಕ್ಕು ಇಳಿದಾಗ ಇದೇ ತಿರುಗಿ ನನಗೆ ಹೊಡೆಯುತ್ತದೆ. ಮೇಡಂ ಇದನ್ನು ಹಿಡಿದರು, ನಾನೂ ಸುಮ್ಮನೆ ಒಪ್ಪಿದೆ.

ಹಾಗಂತ ಇದೇ ಎಲ್ಲ ಕಡೆ ಇರಲಿ ಅನ್ನೋಕಾಗುವುದಿಲ್ಲ. ಇಬ್ಬರು ಬಾಗಿಲು ಹಾಕಿಕೊಂಡು ಕೂತು ಬೆಲೆ ಮಾಡುವುದರಲ್ಲಿ ಮೂರನೆಯವರಿಗೆ ಏನೂ ಕಾಣುವುದಿಲ್ಲ. ಕಂಪನಿಯ ದುಡ್ಡಾದರೆ ಅದರ ಮಾಲೀಕರು ನೋಡಿಕೊಳ್ಳುತ್ತಾರೆ. ಸಾರ್ವಜನಿಕರ ದುಡ್ಡಾದರೆ ನೋಡುವವರು ಯಾರು? ಅದಕ್ಕೇ ಇಲಾಖೆ ಮುಚ್ಚಿದ ಲಕೋಟೆಯ ಒರಟು ದಾರಿ ಹಿಡಿಯುತ್ತದೆ, ಅದರ ಖರ್ಚನ್ನೂ ಕೊಡುತ್ತದೆ. ಇನ್ನೊಂದು, ಎರಡನೇ ವರ್ಷ ಕಂಪನಿಯಿಂದ "3 ಪರ್ಸೆಂಟ್ ಇಳಿಸಿ" ಎಂಬ ಈ-ಮೇಲ್ ಬಂತು. ಕಾರಣ ಬರೆದಿರಲಿಲ್ಲ. ಒಪ್ಪಂದದಲ್ಲಿ ಬೆಲೆ ಮುಗಿಯಿತು ಅನ್ನುವ ದಿನ ಬರುವುದೇ ಇಲ್ಲ. ಆ ಸಲ ಹಲಗೆಗಳ ಕೆಳಗೆ ಒಂದು ಪಟ್ಟಿ ಬಲ ಕೊಟ್ಟು, ಹಲಗೆಯನ್ನು ಮಾತ್ರ ತೆಳುವಾಗಿಸಿ, ಅವರಿಗೆ ಹೇಳಿಯೇ ಇಳಿಸಿದೆವು. ಟೆಂಡರ್‌ನಲ್ಲಿ ಕದ್ದು ಮಾಡುವ ಕೆಲಸವನ್ನೇ ಇಲ್ಲಿ ಡ್ರಾಯಿಂಗ್ ತೋರಿಸಿ, ಭಾರ ಇಟ್ಟು ಪರೀಕ್ಷೆ ಮಾಡಿಸಿ, ಸಹಿ ಹಾಕಿಸಿಕೊಂಡು ಮಾಡಬಹುದು.

ತೆರಿಗೆಯದ್ದು ಒಂದು ಮಾತು ಉಳಿಯಿತು. ಕಂಪನಿ ಕೊಟ್ಟ 18 ಪರ್ಸೆಂಟ್ ಜಿಎಸ್‌ಟಿಯನ್ನು ಸಾಮಾನ್ಯವಾಗಿ ತನ್ನ ತೆರಿಗೆಯಲ್ಲಿ ಮುರಿದುಕೊಳ್ಳುತ್ತದೆ. ಅದಕ್ಕೆ ಬೀರು ಬಿದ್ದದ್ದು 8,600ಕ್ಕೇ. ಮನೆಯವರಿಗೆ ಆ ದಾರಿ ಇಲ್ಲ. ಚಿಕ್ಕಮ್ಮನ 15,000ದಲ್ಲಿ 2,286 ರೂಪಾಯಿ ತೆರಿಗೆ, ಅದು ಹೋಯಿತು ಅಂದರೆ ಹೋಯಿತು.

ಇದನ್ನೆಲ್ಲ ಹಬ್ಬಕ್ಕೆ ಹೋದಾಗ ಚಿಕ್ಕಮ್ಮನಿಗೆ ಕೂತು ಹೇಳಿದೆ. ಕಾಫಿ ಲೋಟ ಕೆಳಗಿಟ್ಟು ಕೇಳಿದರು, "ಸರಿ, ನಾನು ಸೀದಾ ನಿಮ್ಮ ಯೂನಿಟ್‌ಗೇ ಬಂದಿದ್ರೆ?"

ಲೆಕ್ಕ ಹಾಕಿದೆ. ಡೀಲರ್‌ಗಿಂತ ಕಡಿಮೆಗೆ ಕೊಟ್ಟರೆ ಆತ ನಾಳೆಯಿಂದ ನಮ್ಮಲ್ಲಿ ಕೊಳ್ಳುವುದಿಲ್ಲ, ಹಾಗಾಗಿ 9,400. ಜಿಎಸ್‌ಟಿ ಸೇರಿ 11,092. ಟೆಂಪೋ 1,200. ಮೂರನೇ ಮಹಡಿಗೆ ಎತ್ತೋಕೆ ಹುಡುಗರಿಗೆ 800. ಒಟ್ಟು 13,092.

"ಎರಡು ಸಾವಿರ ಉಳೀತಿತ್ತಲ್ಲೋ!"

"ಉಳೀತಿತ್ತು. ಆದ್ರೆ ಅವತ್ತು ಲೈನ್‌ನಲ್ಲಿ ಇದ್ದದ್ದು ಬರೀ ಬೂದು ಬಣ್ಣ. ಮೆರೂನ್ ಮುಂದಿನ ಬ್ಯಾಚ್‌ಗೆ, ಮೂರು ವಾರ ಕಾಯಬೇಕಿತ್ತು."

ಚಿಕ್ಕಮ್ಮ ತಿರುಗಿ ತಮ್ಮ ಮೆರೂನ್ ಬೀರನ್ನು ಒಮ್ಮೆ ನೋಡಿದರು. "ಬೂದು ಬಣ್ಣ ಆಫೀಸಿಗೆ ಸರಿ" ಅಂದರು.